ಸೊಟ್ಟ ಕಾಲಿಗೆ ಇನ್ನೊಂದು ಚಮಚ ಕ್ಯಾಲ್ಸಿಯಂ?

ಬೀದರಿನ ಮೈಲೂರಿನ ಹೊಸ ಮನೆಗಳ ಗೇಟಿನೊಳಗೆ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಮರಿಗಳು ಸಾಮಾನ್ಯ. ಭಾಲ್ಕಿ, ಔರಾದ ಕಡೆ ಹೊಲದ ಮನೆ ಕಾಯಲು ಗ್ರೇಟ್ ಡೇನ್ ತರುವವರೂ ಇದ್ದಾರೆ. ಮರಿ ಎರಡು ತಿಂಗಳದ್ದಿರುವಾಗ ಮನೆಗೆ ಬರುತ್ತದೆ. ಅದರ ಜೊತೆಗೇ ಒಂದು ಬಾಟಲಿ ಕ್ಯಾಲ್ಸಿಯಂ ಸಿರಪ್ಪೂ ಬರುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಕೆಲವು ಮರಿಗಳ ಮುಂಗಾಲು ಮಣಿಕಟ್ಟಿನ ಹತ್ತಿರ ಬಾಗಿ, ಪಾದಗಳು ಹೊರಮುಖವಾಗಿ ತಿರುಗತೊಡಗುತ್ತವೆ. "ಕಾಲ್ ಸೊಟ್ಟ ಆಗ್ಯಾವ್ರಿ, ಕ್ಯಾಲ್ಸಿಯಂ ಕಮ್ಮಿ ಆಗಿರಬೇಕು" ಎಂದು ಮನೆಯವರು ದಿನಕ್ಕೆ ಒಂದು ಚಮಚ ಇದ್ದದ್ದನ್ನು ಎರಡು ಮಾಡುತ್ತಾರೆ. ಒಳ್ಳೆಯ ಪಪ್ಪಿ ಫುಡ್ ತಿನ್ನುತ್ತಿರುವ ಮರಿಯ ಮಟ್ಟಿಗೆ ಇದು ಬೆಂಕಿಗೆ ತುಪ್ಪ ಸುರಿದ ಹಾಗೆಯೇ. ಬಾಗಿದ ಕಾಲು ಕ್ಯಾಲ್ಸಿಯಂ ಹೆಚ್ಚಾದದ್ದರಿಂದಲೂ ಆಗುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನೋಡಿದರೆ ಜನರನ್ನು ದೂರಲು ಮನಸ್ಸಾಗುವುದಿಲ್ಲ. ಬೀದರ ಜಿಲ್ಲೆ ದೇವಣಿ ದನಗಳ ನಾಡು, ಎಮ್ಮೆ ಕಟ್ಟುವವರ ನಾಡು. ಕರು ಹಾಕಿದ ಮೇಲೆ ಹಾಲುಜ್ವರ ಬಂದು ನೆಲಕ್ಕೆ ಬಿದ್ದ ಎಮ್ಮೆಗೆ ದವಾಖಾನೆಯವರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರೆ, ಎಷ್ಟೋ ಸಲ ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೆ ಅದು ಎದ್ದು ನಿಲ್ಲುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ ಕ್ಯಾಲ್ಸಿಯಂ ಮೇಲೆ ಭಕ್ತಿ ಹುಟ್ಟುವುದು ಸಹಜ. ಆದರೆ ಆ ಎಮ್ಮೆ ಹಾಲಿನ ಮೂಲಕ ಒಮ್ಮೆಲೇ ಬಹಳಷ್ಟು ಕ್ಯಾಲ್ಸಿಯಂ ಕಳೆದುಕೊಂಡ ಬೆಳೆದ ಪ್ರಾಣಿ. ನಾಯಿಮರಿ ಏನನ್ನೂ ಕಳೆದುಕೊಂಡಿಲ್ಲ, ಅದು ಬೆಳೆಯುತ್ತಿದೆ. ಬೆಳೆದ ಪ್ರಾಣಿಯ ಕರುಳು ಮತ್ತು ಮರಿಯ ಕರುಳು ಕ್ಯಾಲ್ಸಿಯಂ ಜೊತೆ ನಡೆದುಕೊಳ್ಳುವ ರೀತಿಯೂ ಬೇರೆ.

ಬೆಳೆದ ನಾಯಿಯ ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಅದರ ಕರುಳು ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ, ಉಳಿದದ್ದು ಮಲದಲ್ಲಿ ಹೋಗುತ್ತದೆ. ಸುಮಾರು ಆರು ತಿಂಗಳ ಒಳಗಿನ ಮರಿಗೆ ಈ ಹಿಡಿತ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಬಟ್ಟಲಲ್ಲಿ ಎಷ್ಟು ಹೆಚ್ಚು ಇದೆಯೋ ಅಷ್ಟೂ ಹೆಚ್ಚು ಒಳಗೆ ಹೋಗುತ್ತದೆ. ಹಾಗೆ ಹೋದದ್ದನ್ನು ರಕ್ತದಲ್ಲಿ ಏರಲು ಬಿಡುವಂತಿಲ್ಲವಾದ್ದರಿಂದ ದೇಹ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಅದನ್ನು ಎಲುಬಿಗೆ ತುಂಬುತ್ತದೆ, ಎಲುಬಿನಿಂದ ಹೊರಬರದಂತೆ ತಡೆಯುತ್ತದೆ. ತೊಂದರೆ ಶುರುವಾಗುವುದು ಇಲ್ಲಿ. ಬೆಳೆಯುವ ಎಲುಬು ಒಂದು ಕಡೆ ಕಟ್ಟುತ್ತಲೇ ಇನ್ನೊಂದು ಕಡೆ ಕರಗಿಸುತ್ತ ತನ್ನ ಆಕಾರ ತಿದ್ದಿಕೊಳ್ಳಬೇಕು. ಕರಗಿಸುವ ಜೀವಕೋಶಗಳ ಕೆಲಸ ನಿಂತರೆ ತಿದ್ದುವ ಕೆಲಸವೂ ನಿಂತ ಹಾಗೆ.

ಮುಂಗಾಲನ್ನೇ ತೆಗೆದುಕೊಳ್ಳಿ. ಮೊಣಕೈಯಿಂದ ಮಣಿಕಟ್ಟಿನವರೆಗೆ ರೇಡಿಯಸ್, ಅಲ್ನಾ ಎಂಬ ಎರಡು ಎಲುಬುಗಳು ಜೊತೆಜೊತೆಯಾಗಿ ಇಳಿಯುತ್ತವೆ. ಉದ್ದವಾಗುವ ಕೆಲಸ ಅವುಗಳ ತುದಿಯಲ್ಲಿರುವ ಮೃದ್ವಸ್ಥಿಯ ತೆಳು ಪದರದಲ್ಲಿ ನಡೆಯುತ್ತದೆ. ಮೃದ್ವಸ್ಥಿ ಎಂದರೆ ಎಲುಬಾಗುವ ಮೊದಲಿನ ಮೆತ್ತನೆಯ ರೂಪ. ಅದು ಒಂದು ಕಡೆ ಹೊಸದಾಗಿ ಹುಟ್ಟುತ್ತ, ಇನ್ನೊಂದು ಕಡೆ ಎಲುಬಾಗಿ ಗಟ್ಟಿಯಾಗುತ್ತ ಹೋಗಬೇಕು. ಅಲ್ನಾದ ಕೆಳತುದಿಯ ಪದರಕ್ಕೆ ಕೆಲಸ ಬಹಳ ಹೆಚ್ಚು, ಏಕೆಂದರೆ ಆ ಎಲುಬಿನ ಉದ್ದದ ಬಹುಪಾಲು ಅದೊಂದೇ ಜಾಗದಿಂದ ಬರುತ್ತದೆ. ಅಲ್ಲಿ ಮೃದ್ವಸ್ಥಿ ಎಲುಬಾಗದೆ ಉಳಿದರೆ ಅಲ್ನಾ ಹಿಂದೆ ಬೀಳುತ್ತದೆ, ಪಕ್ಕದ ರೇಡಿಯಸ್ ಮಾತ್ರ ಬೆಳೆಯುತ್ತಲೇ ಇರುತ್ತದೆ. ಗಿಡ್ಡ ಹೆದೆ ಬಿಗಿದರೆ ಬಿಲ್ಲು ಬಾಗುವಂತೆ ರೇಡಿಯಸ್ ಮುಂದಕ್ಕೆ ಬಾಗಿ, ಪಾದ ಹೊರಕ್ಕೆ ತಿರುಗುತ್ತದೆ. ಎಕ್ಸ್-ರೇಯಲ್ಲಿ ಅಲ್ನಾದ ಕೆಳತುದಿಯೊಳಗೆ ಕಪ್ಪಗೆ, ಮೇಲಕ್ಕೆ ಚೂಪಾಗಿ ಏರಿದ ಒಂದು ತಿರುಳು ಕಾಣುತ್ತದೆ. ಅದೇ ಎಲುಬಾಗದೆ ಉಳಿದ ಮೃದ್ವಸ್ಥಿ.

ಕೀಲಿನೊಳಗೂ ಇದೇ ಆಗಬಹುದು. ಭುಜದ ಕೀಲಿನ ಮೇಲ್ಮೈಯಲ್ಲಿ ಮೃದ್ವಸ್ಥಿ ತೆಳುವಾಗಬೇಕಾದ ಕಾಲಕ್ಕೆ ದಪ್ಪವಾಗಿಯೇ ಉಳಿದರೆ ಅದರ ಆಳದ ಪದರಕ್ಕೆ ಪೋಷಣೆ ತಲುಪದೆ ಅದು ಸಾಯುತ್ತದೆ. ಮೇಲಿನ ಚೂರು ಸೀಳಿ, ಕೀಲಿನೊಳಗೆ ಎದ್ದು ನಿಲ್ಲುತ್ತದೆ. ಪಶುವೈದ್ಯರು ಇದನ್ನು ಆಸ್ಟಿಯೋಕಾಂಡ್ರೋಸಿಸ್ ಎನ್ನುತ್ತಾರೆ. ನಾಲ್ಕರಿಂದ ಎಂಟು ತಿಂಗಳ ನಡುವೆ ಮರಿ ಮುಂಗಾಲು ಕುಂಟಲು ಶುರುಮಾಡಿ, ಆಡಿದ ಮೇಲೆ ಕುಂಟು ಹೆಚ್ಚಾಗಿ, ಮಲಗಿ ಎದ್ದಾಗ ಕಾಲು ಬಿಗಿದಿದ್ದರೆ ಈ ಗುಮಾನಿ ಬರಬೇಕು.

ಇದನ್ನು ಅಳೆದು ತೋರಿಸಿದವರು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಹರ್ಮನ್ ಹೇಝವಿಂಕೆಲ್ ಮತ್ತು ಸಂಗಡಿಗರು. 1985ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೆಲವು ಗ್ರೇಟ್ ಡೇನ್ ಮರಿಗಳಿಗೆ ಶೇ 1.1 ಕ್ಯಾಲ್ಸಿಯಂ ಇದ್ದ ಆಹಾರ, ಇನ್ನು ಕೆಲವಕ್ಕೆ ಅದರ ಮೂರು ಪಟ್ಟು, ಶೇ 3.3 ಇದ್ದ ಆಹಾರ ಕೊಟ್ಟರು. ಹೆಚ್ಚು ತಿಂದ ಮರಿಗಳಲ್ಲಿ ಎಲುಬು ತಡವಾಗಿ ಮಾಗಿತು, ಮೃದ್ವಸ್ಥಿಯ ತೊಂದರೆಗಳು ಕಾಣಿಸಿಕೊಂಡವು. ಬಹಳ ಕಡಿಮೆ, ಶೇ 0.55 ಕೊಟ್ಟಾಗ ಇನ್ನೊಂದು ಬಗೆಯ ಕೇಡಾಯಿತು, ಎಲುಬು ಟೊಳ್ಳಾಗಿ ಮುರಿಯತೊಡಗಿತು. ದೊಡ್ಡ ತಳಿಯ ಮರಿಗೆ ಸುರಕ್ಷಿತ ದಾರಿ ಎರಡು ಕಡೆಯೂ ಕಿರಿದು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಇವತ್ತು ಅಮೆರಿಕದ ಪಶು ಆಹಾರ ಸಂಘಟನೆ ಆಫ್ಕೊ ಇಟ್ಟಿರುವ ಗಡಿ, ಬೆಳೆದಾಗ ಸುಮಾರು 32 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುವ ತಳಿಗಳ ಮರಿಗೆ, ನೀರಿನಂಶ ಕಳೆದ ಆಹಾರದಲ್ಲಿ ಶೇ 1.2ರಿಂದ 1.8. ಸಣ್ಣ ತಳಿಗಳ ಮರಿಗೆ ಶೇ 2.5ರವರೆಗೆ ಅವಕಾಶ ಉಂಟು. ಅಂದರೆ ಪಕ್ಕದ ಮನೆಯ ಪೊಮೆರೇನಿಯನ್ ತಡೆದುಕೊಂಡದ್ದನ್ನು ನಿಮ್ಮ ಶೆಫರ್ಡ್ ತಡೆದುಕೊಳ್ಳುತ್ತದೆ ಎನ್ನುವ ಹಾಗಿಲ್ಲ.

ಶೇಕಡಾ ಲೆಕ್ಕ ಅಡುಗೆಮನೆಗೆ ತಾಗುವುದಿಲ್ಲ. ಗ್ರಾಮಿನಲ್ಲಿ ನೋಡೋಣ. ನಾಲ್ಕು ತಿಂಗಳ, 14 ಕಿಲೋ ತೂಗುವ ಒಂದು ಹೆಣ್ಣು ಲ್ಯಾಬ್ರಡಾರ್ ಮರಿ ಎಂದಿಟ್ಟುಕೊಳ್ಳಿ. ಮನೆಯಲ್ಲೇ ಇರುವ ಅಂಥ ಮರಿಗೆ ದಿನಕ್ಕೆ ಸುಮಾರು 1200 ಕ್ಯಾಲರಿ ಸಾಕು. ಅಷ್ಟು ಊಟದಲ್ಲಿ ಕ್ಯಾಲ್ಸಿಯಂ ಕನಿಷ್ಠ 3.6 ಗ್ರಾಂ ಇರಬೇಕು, 5.4 ಗ್ರಾಂ ದಾಟಬಾರದು. ದೊಡ್ಡ ತಳಿಯ ಮರಿಗೆಂದೇ ಮಾಡಿದ ಒಣ ಆಹಾರದ ಚೀಲದ ಮೇಲೆ ಕ್ಯಾಲ್ಸಿಯಂ ಶೇ 1.2 ಎಂದಿದೆ, 100 ಗ್ರಾಂಗೆ 360 ಕ್ಯಾಲರಿ ಎಂದಿದೆ ಎಂದುಕೊಳ್ಳೋಣ. ದಿನಕ್ಕೆ 330 ಗ್ರಾಂ ಹಾಕಿದರೆ ಕ್ಯಾಲರಿ ಸರಿಹೋಗುತ್ತದೆ, ಕ್ಯಾಲ್ಸಿಯಂ 4 ಗ್ರಾಂ ಸಿಗುತ್ತದೆ. ಅಲ್ಲಿಗೆ ಮರಿಗೆ ಬೇಕಾದದ್ದು ಮುಗಿಯಿತು.

ಇದರ ಮೇಲೆ ಮೆಡಿಕಲ್‌ನಲ್ಲಿ ಸಿಗುವ, ನಾವು ನುಂಗುವಂಥ 500 ಮಿಲಿಗ್ರಾಂ ಕ್ಯಾಲ್ಸಿಯಂ ಗುಳಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಟ್ಟರೆ 5 ಗ್ರಾಂ ಆಯಿತು. ಯಾರೋ ಹೇಳಿದರೆಂದು ಮೊಟ್ಟೆಯ ಸಿಪ್ಪೆ ಕುಟ್ಟಿ ಒಂದು ಟೀ ಚಮಚ ಬೆರೆಸಿದರೆ ಅದರಲ್ಲಿ ಇನ್ನೂ 2 ಗ್ರಾಂ. ಒಟ್ಟು 7 ಗ್ರಾಂ, ಗಡಿಗಿಂತ ಒಂದೂವರೆ ಗ್ರಾಂ ಮೇಲೆ. ಕೊಡುವವರ ಕಣ್ಣಿಗೆ ಎರಡು ಸಣ್ಣ ಗುಳಿಗೆ, ಒಂದು ಚಮಚ ಬಿಳಿ ಪುಡಿ ಅಷ್ಟೇ ಕಾಣುತ್ತದೆ. ಸಿರಪ್ ಆಗಿದ್ದರೆ ಬಾಟಲಿಯ ಹಿಂಭಾಗ ಓದಿ. ಒಂದೊಂದು ಕಂಪನಿಯದು ಒಂದೊಂದು ಪ್ರಮಾಣ ಇರುತ್ತದೆ, ಜೊತೆಗೆ ಡಿ3 ವಿಟಮಿನ್ ಕೂಡ ಸೇರಿರುತ್ತದೆ. ಡಿ3 ಅಳತೆ ಮೀರಿದರೆ ಅದೇ ಬೇರೆ ವಿಷ, ಕಿಡ್ನಿಗೆ ಹೊಡೆತ ಬೀಳುತ್ತದೆ. ನಾಯಿಯ ಚರ್ಮ ಮನುಷ್ಯರ ಚರ್ಮದಂತೆ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸುವುದಿಲ್ಲ ಎಂಬುದು ನಿಜ. ಬೀದರಿನ ಬಿಸಿಲಲ್ಲಿ ಮರಿಯನ್ನು ಗಂಟೆಗಟ್ಟಲೆ ಕಟ್ಟಿಹಾಕಿದರೂ ಅದಕ್ಕೆ ದಕ್ಕುವುದು ದಾಹ ಮಾತ್ರ. ಆದರೆ ಮರಿಗೆ ಬೇಕಾದಷ್ಟು ಡಿ ಒಳ್ಳೆಯ ಪಪ್ಪಿ ಫುಡ್ಡಿನಲ್ಲೇ ಇದೆ.

ಈಗ ಇನ್ನೊಂದು ಮನೆಯ ಬಟ್ಟಲು ನೋಡಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಇಲ್ಲಿ ಚೀಲದ ಆಹಾರ ಇಲ್ಲ. ಅದೇ 14 ಕಿಲೋ ಮರಿಗೆ ದಿನಕ್ಕೆ 200 ಗ್ರಾಂ ಅಕ್ಕಿಯ ಅನ್ನ, 300 ಗ್ರಾಂ ಎಲುಬಿಲ್ಲದ ಚಿಕನ್, ಒಂದಿಷ್ಟು ಎಣ್ಣೆ. ಹೊಟ್ಟೆ ತುಂಬುತ್ತದೆ, ಮೈ ಮಿರಮಿರ ಮಿಂಚುತ್ತದೆ. ಈ ಬಟ್ಟಲಿನ ಒಟ್ಟು ಕ್ಯಾಲ್ಸಿಯಂ ಹೆಚ್ಚುಕಡಿಮೆ 60 ಮಿಲಿಗ್ರಾಂ. ಬೇಕಾದದ್ದು 3600! ಅನ್ನದ ಬದಲು ಜೋಳದ ರೊಟ್ಟಿ ಮುರಿದು ಹಾಕಿದರೂ ಲೆಕ್ಕ ಬದಲಾಗುವುದಿಲ್ಲ. ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಬಹಳ ಹೆಚ್ಚು ಇರುವುದರಿಂದ ಸಮತೋಲ ಇನ್ನಷ್ಟು ತಪ್ಪುತ್ತದೆ. ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಎರಡು ಪಟ್ಟು ಮೀರಬಾರದು ಎನ್ನುವುದು ನಿಯಮ. ಈ ಬಟ್ಟಲಲ್ಲಿ ರಂಜಕವೇ ಕ್ಯಾಲ್ಸಿಯಂನ ಹತ್ತು ಪಟ್ಟಿಗಿಂತ ಹೆಚ್ಚು. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂಗಾಗಿ ದೇಹ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಏರಿಸಿ ಎಲುಬನ್ನೇ ಕರಗಿಸುತ್ತದೆ. ಅಂಥ ಮರಿ ಓಡಲು ಒಲ್ಲೆ ಎನ್ನುತ್ತದೆ, ಎತ್ತಿಕೊಂಡರೆ ಕುಂಯ್ ಎನ್ನುತ್ತದೆ, ಮಂಚದಿಂದ ಜಿಗಿದಷ್ಟಕ್ಕೇ ಕಾಲು ಮುರಿದುಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಎಲುಬು ಸುತ್ತಲಿನ ಮಾಂಸದಷ್ಟೇ ಮಸುಕಾಗಿ ಕಾಣುತ್ತದೆ.

ಈ ಮನೆಯ ಮರಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಆದರೆ ಮೊಟ್ಟೆ ಸಿಪ್ಪೆಯೊಂದೇ ಇದನ್ನು ಸರಿಮಾಡುವುದಿಲ್ಲ. ಸಿಪ್ಪೆಯಲ್ಲಿ ಬರೀ ಕ್ಯಾಲ್ಸಿಯಂ ಇದೆ, ಬೆಳೆಯುವ ಮರಿಗೆ ಬೇಕಾದ ರಂಜಕ ಈ ಊಟದಲ್ಲೂ ಪೂರ್ತಿ ಇಲ್ಲ. ಎರಡು ಚಮಚ ಸಿಪ್ಪೆ ಪುಡಿ ಹಾಕಿದರೆ ಕ್ಯಾಲ್ಸಿಯಂ ಗುರಿ ತಲುಪುತ್ತದೆ, ಆದರೆ ರಂಜಕದ ಜೊತೆಗಿನ ಹೊಂದಾಣಿಕೆ ಈಗ ಇನ್ನೊಂದು ದಿಕ್ಕಿಗೆ ಕೆಡುತ್ತದೆ. ಹೈನುಗಾರರಿಗೆ ಡಿಸಿಪಿ ಎಂದು ಗೊತ್ತಿರುವ ಡೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಎರಡೂ ಇರುತ್ತವೆ. ಎಷ್ಟು ಗ್ರಾಂ ಎಂಬುದನ್ನು ಮಾತ್ರ ಊಟದ ಪೂರ್ತಿ ಪಟ್ಟಿ ನೋಡಿ ವೈದ್ಯರೇ ತೂಗಿ ಹೇಳಬೇಕು. ಕೊಟ್ಟಿಗೆಯಲ್ಲಿರುವ ದನದ ಖನಿಜ ಮಿಶ್ರಣವನ್ನು ಒಂದು ಹಿಡಿ ತೆಗೆದು ಹಾಕುವುದು ಬೇಡ. ಅದರಲ್ಲಿರುವ ತಾಮ್ರ, ಸತು, ಅಯೋಡಿನ್ ಎಲ್ಲ ದನದ ಲೆಕ್ಕಕ್ಕೆ ಇಟ್ಟಿರುವಂಥವು. ಚಿಕನ್ ಅಂಗಡಿಯಿಂದ ತರುವ ಕಾಲು, ಕುತ್ತಿಗೆಗಳಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಒಂದು ದಿನ ನಾಲ್ಕು, ಇನ್ನೊಂದು ದಿನ ಹತ್ತು ಹಾಕಿದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಬೇಯಿಸಿದ ಎಲುಬು ಸೀಳಿ ಚುಚ್ಚುವ ಅಪಾಯವಂತೂ ಇದ್ದೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ತಳಿಯ ಮರಿಗೆ ಆರೆಂಟು ತಿಂಗಳು ತುಂಬುವವರೆಗಾದರೂ ದುಡ್ಡು ಹೊಂದಿಸಿ ಸರಿಯಾದ ಪಪ್ಪಿ ಫುಡ್ಡನ್ನೇ ಹಾಕುವುದು ಲೇಸು. ಮನೆ ಊಟ ಕಲಿಸಲು ಅದರ ಮುಂದೆ ವರ್ಷಗಳಿವೆ.

ಕ್ಯಾಲ್ಸಿಯಂ ಸರಿಯಿದ್ದರೂ ಎಲುಬು ಕೆಡಿಸುವ ಇನ್ನೊಂದು ದಾರಿ ಉಂಟು. ಅದು ಅತಿಯಾದ ಊಟ. ಗ್ರೇಟ್ ಡೇನ್ ಹುಟ್ಟುವಾಗ ಸುಮಾರು ಅರ್ಧ ಕಿಲೋ ಚಿಲ್ಲರೆ ತೂಗುತ್ತದೆ, ಒಂದೂವರೆ ವರ್ಷದಲ್ಲಿ ಅದರ ನೂರು ಪಟ್ಟಾಗುತ್ತದೆ. ಈ ಓಟವನ್ನು ಇನ್ನಷ್ಟು ಜೋರು ಮಾಡಿದರೆ ಭಾರ ಮೊದಲು ಬರುತ್ತದೆ, ಅದನ್ನು ಹೊರುವ ಎಲುಬು, ಸ್ನಾಯು ಆಮೇಲೆ ಬರುತ್ತವೆ. ಅಮೆರಿಕದ ಕಾರ್ನೆಲ್‌ನಲ್ಲಿ ಓಕೆ ಹೆಡ್‌ಹಮ್ಮರ್ ಮತ್ತು ಸಂಗಡಿಗರು 1974ರಷ್ಟು ಹಿಂದೆಯೇ ಇದನ್ನು ಗ್ರೇಟ್ ಡೇನ್ ಮರಿಗಳಲ್ಲಿ ತೋರಿಸಿದ್ದರು. ಬೇಕಾದಷ್ಟು ತಿನ್ನಲು ಬಿಟ್ಟ ಮರಿಗಳಿಗಿಂತ, ಅದರ ಮೂರರಲ್ಲಿ ಎರಡು ಪಾಲು ಮಾತ್ರ ತಿಂದ ಮರಿಗಳ ಎಲುಬು, ಕೀಲು ಚೆನ್ನಾಗಿದ್ದವು. ಆಮೇಲೆ 48 ಲ್ಯಾಬ್ರಡಾರ್‌ಗಳ ಮೇಲೆ ರಿಚರ್ಡ್ ಕೀಲಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ ಒಂದಕ್ಕೆ ಶೇ 25ರಷ್ಟು ಕಡಿಮೆ ಹಾಕುತ್ತ ಬಂದರು. ಎರಡು ವರ್ಷಕ್ಕೆ ಸೊಂಟದ ಕೀಲಿನ ಸಡಿಲಿಕೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ, ಹೆಚ್ಚು ತಿಂದ 24ರಲ್ಲಿ 16ಕ್ಕೆ ಬಂತು, ಕಡಿಮೆ ತಿಂದ 24ರಲ್ಲಿ 7ಕ್ಕೆ. ಈ ರೋಗದ ಬೇರು ರಕ್ತದಲ್ಲೇ ಇದೆ, ತಂದೆ ತಾಯಿಯಿಂದ ಬರುತ್ತದೆ. ಆದರೆ ಅದು ಎಷ್ಟು ಬೇಗ, ಎಷ್ಟು ಕೆಟ್ಟದಾಗಿ ತಲೆ ಎತ್ತುತ್ತದೆ ಎಂಬುದರಲ್ಲಿ ಬಟ್ಟಲಿನ ಕೈಯೂ ಇದೆ. ಕಡಿಮೆ ತಿಂದ ನಾಯಿಗಳು ಮಧ್ಯಮ ಲೆಕ್ಕದಲ್ಲಿ 13 ವರ್ಷ ಬದುಕಿದವು, ಹೆಚ್ಚು ತಿಂದವು 11.2 ವರ್ಷ.

ಹೆಚ್ಚಿನ ಪ್ರೋಟೀನ್‌ನಿಂದ ಕಾಲು ಬಾಗುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ಉಟ್ರೆಕ್ಟ್‌ನಲ್ಲೇ ಗ್ರೇಟ್ ಡೇನ್ ಮರಿಗಳಿಗೆ ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ನೋಡಿದಾಗ ಹಾಗೇನೂ ಕಂಡುಬರಲಿಲ್ಲ. ಮೊಟ್ಟೆ, ಮಾಂಸಕ್ಕೆ ಹೆದರಿ ಪ್ರೋಟೀನ್ ತಪ್ಪಿಸಬೇಕಿಲ್ಲ.

ನಮ್ಮಲ್ಲಿ ಕ್ಯಾಲರಿ ಏರುವುದು ಬಹುಮಟ್ಟಿಗೆ ಹಾಲು ಮತ್ತು ಬಿಸ್ಕತ್ತಿನಿಂದ. ಮೇಲೆ ಹೇಳಿದ ಮರಿಗೆ 330 ಗ್ರಾಂ ಪಪ್ಪಿ ಫುಡ್ ಹಾಕಿ, "ಕುನ್ನಿಗಿ ಹಾಲು ಹಾಕ್ರಿ" ಎಂದು ಅಜ್ಜಿ ಹೇಳಿದರೆಂದು ಅರ್ಧ ಲೀಟರ್ ಎಮ್ಮೆ ಹಾಲು ಸುರಿದರೆ ಸುಮಾರು 500 ಕ್ಯಾಲರಿ ಸೇರಿತು. ದಿನಕ್ಕೆ ಬೇಕಾದುದರ ಐದರಲ್ಲಿ ಎರಡು ಪಾಲು ಹೆಚ್ಚುವರಿಯಾಗಿ ಬಂತು. ಮಕ್ಕಳು ಆಡುತ್ತಾ ಹಾಕುವ ಹತ್ತು ಗ್ಲುಕೋಸ್ ಬಿಸ್ಕತ್ತು ಇನ್ನೊಂದು 250. ಹಾಲು ಕೊಡಲೇಬೇಕೆಂದರೆ ಅಷ್ಟು ಕ್ಯಾಲರಿಯ ಒಣ ಆಹಾರ ತೆಗೆದುಬಿಡಬೇಕಾಗುತ್ತದೆ. ಹಾಗೆ ತೆಗೆದರೆ ಒಳ್ಳೆಯ ಊಟದ ಜಾಗವನ್ನು ಹಾಲು ತಿಂದಂತಾಗುತ್ತದೆ. ನೀರು ಕುಡಿಯಲು ಬಿಡುವುದೇ ಸರಳ.

ಎಷ್ಟು ಊಟ ಸರಿ ಎಂಬುದನ್ನು ಚೀಲದ ಮೇಲಿನ ಪಟ್ಟಿ ಅಂದಾಜಿಗೆ ಮಾತ್ರ ಹೇಳುತ್ತದೆ. ನಿಜವಾದ ಉತ್ತರ ಮರಿಯ ಮೈ ಮೇಲಿದೆ. ಬೆರಳುಗಳನ್ನು ಪಕ್ಕೆಯ ಮೇಲೆ ಮೆಲ್ಲಗೆ ಆಡಿಸಿ. ಒತ್ತದೆಯೇ ಪಕ್ಕೆಲುಬು ಒಂದೊಂದಾಗಿ ಕೈಗೆ ತಾಗಬೇಕು, ಕಣ್ಣಿಗೆ ಕಾಣಬೇಕಾಗಿಲ್ಲ. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಸೇರಿರಬೇಕು. ಒತ್ತಿದರೂ ಪಕ್ಕೆ ಸಿಗದಿದ್ದರೆ ಊಟ ಹತ್ತರಲ್ಲಿ ಒಂದು ಪಾಲು ಇಳಿಸಿ, ಎರಡು ವಾರ ಬಿಟ್ಟು ಮತ್ತೆ ಮುಟ್ಟಿ ನೋಡಿ. ತೂಕಕ್ಕೆ ಬೇರೆ ಯಂತ್ರ ಬೇಕಿಲ್ಲ. ಮರಿಯನ್ನು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು ಕಳೆಯಿರಿ. ವಾರಕ್ಕೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. ನಾಲ್ಕು ತಿಂಗಳ ಲ್ಯಾಬ್ರಡಾರ್ ವಾರಕ್ಕೆ ಒಂದು ಕಿಲೋ ಆಸುಪಾಸು ಏರುತ್ತದೆ, ಒಂದೇ ಸಮನೆ ಏರಿದರೆ ಸಾಕು. "ಇದರ ತಮ್ಮ ಇದಕ್ಕಿಂತ ದೊಡ್ಡದಾಗ್ಯಾನ್ರಿ" ಎಂದು ಯಾರಾದರೂ ಹೇಳಿದರೆ ಗಾಬರಿ ಬೇಡ. ಮಿತವಾಗಿ ಉಂಡ ಮರಿ ಎತ್ತರ ಕಳೆದುಕೊಳ್ಳುವುದಿಲ್ಲ, ಅದೇ ಎತ್ತರವನ್ನು ಕೆಲವು ತಿಂಗಳು ತಡವಾಗಿ ಮುಟ್ಟುತ್ತದೆ.

ಕಾಲು ಸೊಟ್ಟ ಕಂಡ ಮಾತ್ರಕ್ಕೆ ಎಲ್ಲವೂ ಎಲುಬಿನ ರೋಗವಲ್ಲ. ಶಹಾಬಾದ ಕಲ್ಲಿನ ಅಥವಾ ನುಣುಪು ಟೈಲ್ಸ್ ನೆಲದ ಮೇಲೆ ಬೆಳೆಯುವ ಮರಿಗಳ ಮಣಿಕಟ್ಟು ಸಡಿಲವಾಗಿ ಪಾದ ಚಪ್ಪಟೆಯಾಗುವುದುಂಟು. ಗೋಣಿಯೋ ರಬ್ಬರ್ ಚಾಪೆಯೋ ಹಾಸಿ, ಮಣ್ಣಿನ ಮೇಲೆ ಓಡಾಡಿಸಿ, ಊಟ ಸರಿಮಾಡಿದರೆ ಇದು ಬಹಳಷ್ಟು ಸಲ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಮಣಿಕಟ್ಟಿನ ಮೇಲ್ಭಾಗ ಊದಿಕೊಂಡು ಬಿಸಿಯಾಗಿದ್ದು, ಮುಟ್ಟಿದರೆ ಮರಿ ಅತ್ತು, ಜ್ವರ ಬಂದು ಊಟ ಬಿಟ್ಟಿದ್ದರೆ ಅದು ಬೇರೆ ಕಾಯಿಲೆ, ಅದೇ ದಿನ ತೋರಿಸಬೇಕು. ಐದು ತಿಂಗಳು ದಾಟಿದ ಶೆಫರ್ಡ್ ಈ ವಾರ ಒಂದು ಕಾಲು, ಮುಂದಿನ ವಾರ ಇನ್ನೊಂದು ಕಾಲು ಕುಂಟಿದರೆ ಪ್ಯಾನಾಸ್ಟಿಯೈಟಿಸ್ ಇರಬಹುದು, ಅದು ನೋವಿನ ಔಷಧಿಯ ಆಸರೆಯಲ್ಲಿ ತಾನಾಗಿ ಹೋಗುತ್ತದೆ. ಇವನ್ನು ಬೇರ್ಪಡಿಸಲು ಎಕ್ಸ್-ರೇ ಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಿ "ನಾರ್ಮಲ್ ಬಂತು" ಎಂದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಹೆಚ್ಚು ತಿಂದ ಮರಿಯಲ್ಲೂ ಕಡಿಮೆ ತಿಂದ ಮರಿಯಲ್ಲೂ ರಕ್ತದ ಮಟ್ಟ ಸಾಮಾನ್ಯವಾಗಿಯೇ ಇರುತ್ತದೆ. ಅದನ್ನು ಸಮ ಇಡಲಿಕ್ಕಾಗಿಯೇ ದೇಹ ಎಲುಬನ್ನು ಬಲಿ ಕೊಡುತ್ತಿರುತ್ತದೆ.

ಬಾಗು ಬೇಗ ಗೊತ್ತಾದರೆ ಹೆಚ್ಚುವರಿ ಕ್ಯಾಲ್ಸಿಯಂ ನಿಲ್ಲಿಸಿ, ಊಟ ಇಳಿಸಿದಷ್ಟಕ್ಕೇ ಕೆಲವು ಮರಿಗಳ ಕಾಲು ತಿದ್ದಿಕೊಳ್ಳುತ್ತದೆ. ಎಲುಬಿನ ತುದಿಯ ಪದರ ಮುಚ್ಚಿದ ಮೇಲೆ, ಲ್ಯಾಬ್ರಡಾರ್‌ನಲ್ಲಿ ವರ್ಷದೊಳಗೆ, ಆಪರೇಷನ್ ಬಿಟ್ಟು ದಾರಿಯಿಲ್ಲ. ಅದಕ್ಕೇ ಕಾದು ನೋಡುವುದು ಬೇಡ ಎನ್ನುವುದು. ಬೀದರಿನವರಿಗೆ ಒಂದು ಅನುಕೂಲ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೇ ಊರಿನ ನಂದಿನಗರದಲ್ಲಿದೆ, ಪಶುವೈದ್ಯಕೀಯ ಕಾಲೇಜೂ ಇದೆ. ಅಲ್ಲಿಗಾಗಲಿ ಬೇರೆ ದವಾಖಾನೆಗಾಗಲಿ ಮರಿಯ ಜೊತೆಗೆ ಪಪ್ಪಿ ಫುಡ್ಡಿನ ಚೀಲ ಅಥವಾ ಅದರ ಹಿಂಭಾಗದ ಫೋಟೊ, ಕೊಡುತ್ತಿರುವ ಪ್ರತಿ ಸಿರಪ್, ಗುಳಿಗೆ, ಪುಡಿ, ದಿನವೂ ಅಳೆದು ಹಾಕುವ ಲೋಟ, ಕ್ಯಾಲೆಂಡರ್ ಮೇಲೆ ಬರೆದ ತೂಕಗಳು ಇಷ್ಟನ್ನೂ ಒಯ್ಯಿರಿ. ಹಾಲು, ಬಿಸ್ಕತ್ತು, ರೊಟ್ಟಿ ಎಷ್ಟು ಹಾಕುತ್ತೀರಿ ಎಂದು ಕೇಳಿದಾಗ ಮನೆಯಲ್ಲಿ ಯಾರು ಯಾರು ಏನೇನು ಹಾಕುತ್ತಾರೋ ಎಲ್ಲವನ್ನೂ ಹೇಳಿ.